10 ಕೆಜಿ ಅಕ್ಕಿ, 24 ಲೀಟರ್ ನೀರು

ನಾನು ಹಾಸ್ಟೆಲ್ ಮೆಸ್ಸಿನಲ್ಲಿ ಸೂಪರ್‌ವೈಸರ್. ಅಡುಗೆ ಭಟ್ಟರದ್ದು, ಲೆಕ್ಕ ನನ್ನದು. ಅವತ್ತು ಭಟ್ಟರು ಊರಿಗೆ ಹೋಗಿದ್ದರು. ಅನ್ನ ಒಂದು ತಾನೇ, ನಾನೇ ಇಡ್ತೀನಿ ಅಂದುಕೊಂಡೆ.

ಮನೆಯ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಸೋನಾ ಮಸೂರಿಗೆ ನನ್ನ ಅಳತೆ ಒಂದು ಲೋಟಕ್ಕೆ ಎರಡು ಲೋಟ. ತೂಕದಲ್ಲಿ ಹೇಳಬೇಕೆಂದರೆ 200 ಗ್ರಾಂ ಅಕ್ಕಿಗೆ 480 ಎಂಎಲ್ ನೀರು. ವರ್ಷಗಳಿಂದ ಒಂದು ದಿನವೂ ಕೆಟ್ಟಿಲ್ಲ. ಅದನ್ನೇ ಐವತ್ತು ಪಟ್ಟು ಮಾಡಿದೆ. 10 ಕೆಜಿಗೆ 24 ಲೀಟರ್ ಎಸರಿಟ್ಟು, ಕುದಿ ಬಂದ ಮೇಲೆ ಅಕ್ಕಿ ಸುರಿದು, ಡಬರಿ ಮುಚ್ಚಿದೆ.

ಊಟದ ಬೆಲ್ 12:45ಕ್ಕೆ. 12:20ಕ್ಕೆ ಮುಚ್ಚಳ ತೆಗೆದರೆ ಅನ್ನದ ಮೇಲೆ ಬೆಳ್ಳಗೆ ಗಂಜಿ ನಿಂತಿದೆ. ಒಂದು ಅಗುಳು ಹಿಸುಕಿದೆ, ಒಳಗೂ ಬೆಂದಿತ್ತು. ಇಲ್ಲೇ ನಾನು ತಪ್ಪಿದ್ದು. ಬೆಂದಿದೆ ಎಂದ ಮೇಲೆ ಉರಿ ಆರಿಸಿ ಬಸಿಯಬೇಕಿತ್ತು. ನೀರು ಇಂಗಲಿ ಅಂತ ಉರಿ ಜಾಸ್ತಿ ಮಾಡಿ ಇನ್ನೂ ಎಂಟು ನಿಮಿಷ ಬಿಟ್ಟೆ. ಅಡಿಯಲ್ಲಿ ಸೀದ ವಾಸನೆ ಬಂತು. ಸಟ್ಟುಗ ಹಾಕಿದರೆ ಅಗುಳೇ ಸಿಗಲಿಲ್ಲ, ಅಂಬಲಿ ತರಹ ಮೇಲೆದ್ದು ಬಂತು. "ಅಣ್ಣ, ಬೆಲ್ ಹೊಡೀಲಾ?" ಅಂತ ಹುಡುಗ ಬಾಗಿಲಲ್ಲಿ ನಿಂತು ಕೇಳಿದ. ನನಗೆ ಮಾತೇ ಹೊರಡಲಿಲ್ಲ. ಸೀದದ್ದನ್ನು ಕೆದಕದೆ ಮೇಲಿನದನ್ನಷ್ಟೇ ಪರಾತಕ್ಕೆ ತೆಗೆದು ಮೊಸರನ್ನ ಮಾಡಿಸಿದೆವು. ಸಾರಿಗೆ ಬೇರೆ ಅನ್ನ ಆಗುವಷ್ಟರಲ್ಲಿ ಒಂದೂಕಾಲು. ಅಷ್ಟು ಹೊತ್ತೂ ತಟ್ಟೆ ಹಿಡಿದು ನಿಂತ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ.

ಭಟ್ಟರು ಮರುದಿನ ಬಂದು ಒಂದೇ ಮಾತು ಹೇಳಿದರು. "ಅಕ್ಕಿ ಕುಡಿಯೋ ನೀರು ಬೇರೆ, ಹಬೆಯಾಗಿ ಹೋಗೋ ನೀರು ಬೇರೆ. ನೀವು ಎರಡನ್ನೂ ಐವತ್ತು ಪಟ್ಟು ಮಾಡಿದಿರಿ."

ನನಗೆ ಸುಮ್ನೆ ಒಪ್ಪಲು ಮನಸ್ಸಾಗಲಿಲ್ಲ, ತೂಗಿ ನೋಡಿದೆ. ಮನೆಯಲ್ಲಿ ಕುಕ್ಕರಿನ ಪಾತ್ರೆಯನ್ನು ಅನ್ನ ಮಾಡುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ತಕ್ಕಡಿಗೆ ಇಟ್ಟೆ. 120 ಗ್ರಾಂ ಕಡಿಮೆ. ಅಂದರೆ 480ರಲ್ಲಿ ಅಕ್ಕಿ ಕುಡಿದದ್ದು 360 ಮಾತ್ರ, ಕಾಲು ಭಾಗ ಹಬೆಯ ತೂತಿನಿಂದ ಹೋಗಿತ್ತು. ಮೆಸ್ಸಿನ ಡಬರಿಯನ್ನು ಸ್ಟೋರಿನ ದೊಡ್ಡ ತಕ್ಕಡಿಯ ಮೇಲೆ ಹಾಗೇ ತೂಗಿದರೆ ಇಡೀ 10 ಕೆಜಿ ಬೇಯುವಾಗ ಹೋದದ್ದು 1.7 ಕೆಜಿ. ಅಕ್ಕಿ ಐವತ್ತು ಪಟ್ಟು, ಹಬೆ ಹದಿನೈದು ಪಟ್ಟೂ ಇಲ್ಲ. ಹಬೆ ಹೋಗುವುದು ಪಾತ್ರೆಯ ಬಾಯಿ, ಮುಚ್ಚಳ, ಉರಿ, ಹೊತ್ತು ನೋಡಿಕೊಂಡು. ಅಕ್ಕಿ ಎಷ್ಟಿದೆ ಅಂತ ಅದು ಕೇಳುವುದಿಲ್ಲ.

ಈಗ ಲೆಕ್ಕ ಹೀಗೆ ಹಾಕುತ್ತೇನೆ. 200 ಗ್ರಾಂ 360 ಕುಡಿದರೆ 10 ಕೆಜಿ ಕುಡಿಯುವುದು 18 ಲೀಟರ್. ಅದಕ್ಕೆ ಡಬರಿಯ ಹಬೆ ಸೇರಿಸಿದರೆ 20 ಲೀಟರಿಗೆ ಸ್ವಲ್ಪ ಕಡಿಮೆ. ತೊಳೆದ ಅಕ್ಕಿಯಲ್ಲಿ ನಿಂತ ನೀರೂ ಇದರೊಳಗೇ ಬರಬೇಕು. ಸರಿಯಾಗಿ ಸೋಸದಿದ್ದರೆ ಅದೇ ಒಂದೆರಡು ಲೀಟರ್ ಆಗುತ್ತದೆ.

ಹಾಗಾದರೆ ಹೆಚ್ಚಾಗಿದ್ದು ನಾಲ್ಕು ಲೀಟರ್ ಚಿಲ್ಲರೆ. ಅಷ್ಟಕ್ಕೇ ಅಂಬಲಿ ಆಗುತ್ತದಾ? ಭಟ್ಟರು ಚೀಲಕ್ಕೆ ಕೈ ಹಾಕಿ ಒಂದು ಕಾಳು ಕಚ್ಚಿ ನೋಡಿ, "ಇದು ಹೊಸ ಅಕ್ಕಿ" ಅಂದರು. ಹೊಸ ಅಕ್ಕಿ ಬೇಗ ಮೆತ್ತಗಾಗುತ್ತದೆ, ಅಂಟುತ್ತದೆ, ಅದಕ್ಕೆ ಅವರು 10 ಕೆಜಿಗೆ ಎರಡು ಲೀಟರ್ ಕಡಿಮೆಯೇ ಇಡುತ್ತಾರೆ. ಕೆಜಿಗೆ ಎರಡು ರೂಪಾಯಿ ಉಳಿಯಿತು ಅಂತ ಆಫೀಸಿನವರು ಹಳೇ ಅಕ್ಕಿ ನಿಲ್ಲಿಸಿ ಇದನ್ನು ತರಿಸಿದ್ದರು. ಅಡುಗೆಮನೆಗೆ ಒಂದು ಮಾತು ಹೇಳಿರಲಿಲ್ಲ. ಈ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ.

ಪ್ರೆಷರ್ ಕುಕ್ಕರಿನದು ಬೇರೆ ಕತೆ. ಒಳಗೆ ಪಾತ್ರೆ ಇಟ್ಟು ಮುಚ್ಚಿ ಬೇಯಿಸಿದರೆ ಆ ಪಾತ್ರೆಯ ನೀರು ಹೆಚ್ಚುಕಡಿಮೆ ಹೋಗುವುದೇ ಇಲ್ಲ, ಹಬೆಯಾಗುವುದು ಕುಕ್ಕರಿನ ತಳದ ನೀರು. ಅಲ್ಲಿ ಲೋಟಕ್ಕೆ ಎರಡು ಲೋಟ ಇಟ್ಟರೆ ಎಲೆಕ್ಟ್ರಿಕ್ ಕುಕ್ಕರಿಗಿಂತ ಮೆತ್ತಗಿನ ಅನ್ನ ಬರುತ್ತದೆ. ಅರ್ಧ ಗಂಟೆ ನೆನೆಸಿದ ಬಾಸ್ಮತಿಗೆ ಮುಚ್ಚಿದ ಪಾತ್ರೆಯಲ್ಲಿ ಲೋಟಕ್ಕೆ ಒಂದೂವರೆ ಸಾಕು. ಕುಚ್ಚಲಕ್ಕಿಗೆ ಈ ಲೆಕ್ಕವೇ ಬೇಡ, ಧಾರಾಳ ನೀರಿಟ್ಟು ಬೇಯಿಸಿ ಗಂಜಿ ಬಸಿಯುವುದೇ ಸರಿ.

ಲೆಕ್ಕ ಸಿಕ್ಕಿತು ಅಂತ ಒಂದೇ ಡಬರಿಗೆ 20 ಕೆಜಿ ಹಾಕಿಯೂ ನೋಡಿದ್ದೇನೆ. ನೀರು ಸರಿಯಾಗಿದ್ದರೂ ಮೇಲಿನ ಭಾರಕ್ಕೆ ಅಡಿಯ ಅನ್ನ ಅಪ್ಪಚ್ಚಿಯಾಯಿತು, ಮೇಲಿನದು ಬಿರುಸಾಗಿ ಉಳಿಯಿತು. ಅದಕ್ಕೆ ಈಗ 10 ಕೆಜಿಯ ಎರಡು ಡಬರಿ. ಹೊಸ ಚೀಲ ಬಿಚ್ಚಿದ ದಿನ ಮೊದಲು 200 ಗ್ರಾಂ ಬೇಯಿಸಿ ತೂಗುತ್ತೇವೆ, ಬಂದ ಅಂಕಿಯನ್ನು ಚೀಲದ ಮೇಲೇ ಬರೆದಿಡುತ್ತೇವೆ.