ಸೈನ್ ಹಾಕಿ ಕೊಟ್ರೂ ಗಾಡಿ ನಿಮ್ಮ ಹೆಸರಲ್ಲೇ ಇರುತ್ತೆ

"ಅಣ್ಣಾ, ಗಾಡಿ ಮಾರಿ ದುಡ್ಡು ಇಸ್ಕೊಂಡಾತು, ಫಾರಂಗೆಲ್ಲ ಸೈನ್ ಹಾಕಿ ಕೊಟ್ಟೀನಿ, ಆದ್ರೂ ಫೈನ್ ಮೆಸೇಜ್ ನನ್ ಮೊಬೈಲಿಗೆ ಯಾಕೆ ಬರ್ತೈತಿ?"

ಯಾಕಂದ್ರೆ ಆ ಫಾರಂ ಇನ್ನೂ ತಗೊಂಡೋರ ಮನೆ ಬೀರುವಿನಲ್ಲೇ ಐತಿ, ಆರ್‌ಟಿಓ ಆಫೀಸಿಗೆ ಹೋಗೇ ಇಲ್ಲ. ನಮ್ಮ ಕಡೆ ಗಾಡಿ ವ್ಯಾಪಾರ ಅಂದ್ರೆ ಖಾಲಿ 29, ಖಾಲಿ 30 ಫಾರಂಗೆ ಸೈನ್ ಹಾಕು, ಆರ್‌ಸಿ ಕೊಡು, ಕೀ ಕೊಡು, ಚಾ ಕುಡಿ, ಅಷ್ಟೇ. ತಾರೀಖು ಇಲ್ಲ, ತಗೊಳ್ಳೋರ ಹೆಸರೂ ಇಲ್ಲ. ಆ ಖಾಲಿ ಹಾಳೆ ಹಿಡ್ಕೊಂಡು ಅವ್ರು ಇನ್ನೊಬ್ರಿಗೆ ಮಾರ್ತಾರೆ, ಆ ಇನ್ನೊಬ್ರು ಮತ್ತೊಬ್ರಿಗೆ ಮಾರ್ತಾರೆ, ಕೊನೆಗೆ ಗಾಡಿ ಯಾರ ಕೈಯಲ್ಲಿ ಐತಿ ಅಂತ ನಿಮಗೇ ಗೊತ್ತಿರಲ್ಲ, ಆದ್ರೆ ದಾಖಲೆಯಲ್ಲಿ ಮಾಲೀಕರು ಮಾತ್ರ ನೀವೇ.

ಒಂದು ಉದಾಹರಣೆ ತಗೊಳ್ಳೋಣ. ದಾವಣಗೆರೆಯೋರು ತಮ್ಮ ಕೆಎ-17 ಬೈಕನ್ನ ಜೂನ್ 3ಕ್ಕೆ ಹರಿಹರದೋರಿಗೆ ಮಾರಿದ್ರು ಅಂತಿಟ್ಕೊಳ್ಳಿ. ಒಂದೇ ರಾಜ್ಯದೊಳಗಿನ ವ್ಯಾಪಾರ ಆಗಿರೋದ್ರಿಂದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50ರ ಪ್ರಕಾರ ಮಾರಿದೋರು 14 ದಿನದೊಳಗೆ, ಅಂದ್ರೆ ಜೂನ್ 17ರೊಳಗೆ, ಆರ್‌ಟಿಓಗೆ ತಿಳಿಸಬೇಕು. ಅದಕ್ಕಿರೋದೇ ಫಾರಂ 29, ಇದು ಮಾರೋರ ಕೆಲಸ, ತಗೊಳ್ಳೋರದ್ದಲ್ಲ. ತಗೊಂಡೋರಿಗೆ 30 ದಿನ ಟೈಮ್, ಅವರದ್ದು ಫಾರಂ 30. ಅದರಲ್ಲಿ ಒಂದು ಭಾಗ ಮಾರೋರಿಗೆ, ಇನ್ನೊಂದು ಭಾಗ ತಗೊಳ್ಳೋರಿಗೆ, ಹಂಗಾಗಿ ಇಬ್ಬರ ಸೈನೂ ಬೇಕು. ಆ ಸೈನು ಆಫೀಸಿನ ದಾಖಲೆಯಲ್ಲಿರೋ ಸೈನಿಗೆ ಹೊಂದಬೇಕು. ಗಾಡಿ ತಗೊಂಡಾಗ ಕನ್ನಡದಲ್ಲಿ ಸೈನ್ ಹಾಕಿ ಈಗ ಬ್ಯಾಂಕಿಗೆ ಅಂತ ಇಂಗ್ಲಿಷ್ ಸೈನ್ ರೂಢಿ ಮಾಡ್ಕೊಂಡೋರ ಫೈಲು ಇಲ್ಲೇ ಸಿಕ್ಕಿಹಾಕ್ಕೊಳ್ಳೋದು. ಲೋನ್ ಗಾಡಿ ಆಗಿದ್ರೆ ಮೊದಲು ಬ್ಯಾಂಕಿನ ಎನ್ಓಸಿ, ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ, ಆಮೇಲೆ ವ್ಯಾಪಾರದ ಮಾತು.

ಈಗ ಅದೇ ಬೈಕಿನ ಪೇಪರು ಯಾರೂ ಕೊಡಲೇ ಇಲ್ಲ. ಆಗಸ್ಟಲ್ಲಿ ಇನ್ಶೂರೆನ್ಸ್ ಮುಗೀತು, ತಗೊಂಡೋರು ರಿನ್ಯೂ ಮಾಡಿಸ್ಲಿಲ್ಲ, ನವೆಂಬರಲ್ಲಿ ಪಿ.ಬಿ. ರೋಡಲ್ಲಿ ಯಾರಿಗೋ ಗುದ್ದಿದ್ರು. ಕಾಯ್ದೆಯಲ್ಲಿ ಮಾಲೀಕರು ಅಂದ್ರೆ ಗಾಡಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗೈತೋ ಅವರು. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ಗಾಡಿ ಒಬ್ಬರ ಕೈಯಿಂದ ಒಬ್ಬರಿಗೆ ಮಾರಾಟ ಆಗ್ತಾ ಹೋಗಿತ್ತು, ಆದ್ರೂ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದೋರ ಮೇಲೇ ಬಂತು. ಅಂದ್ರೆ ನಮ್ಮ ಉದಾಹರಣೆಯಲ್ಲಿ ಇನ್ಶೂರೆನ್ಸ್ ಇಲ್ಲದ ಆ ಬೈಕಿನ ಪರಿಹಾರ ದಾವಣಗೆರೆಯೋರ ಜೇಬಿಂದಾನೇ ಹೋಗಬಹುದು. ನೋಟರಿ ಮಾಡಿಸಿದ ಅಗ್ರಿಮೆಂಟ್ ಐತಿ ಅಂತ ಧೈರ್ಯವಾಗಿರೋರು ಇದನ್ನ ಇನ್ನೊಂದ್ಸಲ ಓದಿ. ಹಂಗಂತ ಡೆಲಿವರಿ ನೋಟ್ ಬೇಡ ಅಂತಲ್ಲ, ತಾರೀಖು, ಟೈಮು, ಇಬ್ಬರ ಸೈನು ಇರೋ ಡೆಲಿವರಿ ನೋಟ್ ಇದ್ರೆ ಪೊಲೀಸರು ಕೇಳಿದಾಗ ಅವತ್ತು ಗಾಡಿ ನನ್ನ ಹತ್ರ ಇರಲಿಲ್ಲ ಅಂತ ತೋರಿಸೋಕೆ ಆಗುತ್ತೆ. ಅದರಿಂದ ಹೆಸರು ಮಾತ್ರ ಬದಲಾಗಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ತಗೊಳ್ಳೋರೂ ಮೋಸ ಹೋಗ್ತಾರೆ. 2018ರ ಸೆಪ್ಟೆಂಬರ್ ನಂತರ ಬಂದ ಹೊಸ ಬೈಕಿಗೆ ಥರ್ಡ್ ಪಾರ್ಟಿ 5 ವರ್ಷದ್ದು ಇರುತ್ತೆ, ಅದನ್ನ ನೋಡಿ "ಇನ್ನೂ ಎರಡು ವರ್ಷ ಐತಿ ಬಿಡ್ರಿ" ಅಂತ ಸುಮ್ನಾಗ್ತಾರೆ. ಬೇರೆಯೋರಿಗೆ ಗುದ್ದಿದ್ರೆ ಅದು ನಡಿಯುತ್ತೆ, ಆದ್ರೆ ನಿಮ್ಮ ಗಾಡಿ ಜಖಂ ಆದ್ರೆ, ಕಳವಾದ್ರೆ, ಹಳೇ ಹೆಸರಿನ ಪಾಲಿಸಿಯಲ್ಲಿ ಕ್ಲೇಮ್ ಸಿಗಲ್ಲ. ಮಾರಿದೋರ ಹೆಸರಿನ 15 ಲಕ್ಷದ ಅಪಘಾತ ವಿಮೆಯೂ ನಿಮಗೆ ಬರಲ್ಲ. ಅದಕ್ಕೇ ಗಾಡಿ ತಗೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸ್ಕೊಬೇಕು. ಆಗ ಕಂಪನಿಯೋರು ಸ್ವಲ್ಪ ದುಡ್ಡು ಜಾಸ್ತಿ ಕೇಳಿದ್ರೆ ಜಗಳ ಆಡ್ಬೇಡಿ, ನೋ ಕ್ಲೇಮ್ ಬೋನಸ್ ಗಾಡಿದಲ್ಲ, ಹಳೇ ಮಾಲೀಕರದ್ದು, ಅದರ ರಿಯಾಯಿತಿಯನ್ನ ಅವ್ರು ವಾಪಸ್ ವಸೂಲಿ ಮಾಡ್ತಾರೆ. ಮಾರಿದೋರು ಆ ಬೋನಸ್ಸಿಗೆ ಕಂಪನಿಯಿಂದ ಲೆಟರ್ ಇಸ್ಕೊಂಡು ತಮ್ಮ ಮುಂದಿನ ಗಾಡಿಗೆ ಹಾಕ್ಕೊಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಹೆಸರಲ್ಲೇ ಇರೋ ಆ ಗಾಡಿಯನ್ನ ತಗೊಂಡೋರ ಮನೆಯ ಹದಿನಾರರ ಹುಡುಗ ಓಡಿಸಿ ಸಿಕ್ಕಿಬಿದ್ರೆ, 25,000 ರೂಪಾಯಿ ದಂಡದ ಸೆಕ್ಷನ್ನಲ್ಲಿ ಪೋಷಕರ ಜೊತೆ ಗಾಡಿ ಮಾಲೀಕರ ಹೆಸರೂ ಐತಿ, ಜೈಲು ಶಿಕ್ಷೆಗೂ ಅವಕಾಶ ಐತಿ.

ಈಗಾಗಲೇ ಮಾರಿ ಸುಮ್ನಿದ್ದೋರು ಮೊದಲು mParivahan ಆ್ಯಪಲ್ಲಿ ಗಾಡಿ ನಂಬರ್ ಹಾಕಿ ಮಾಲೀಕರ ಹೆಸರು, ಇನ್ಶೂರೆನ್ಸ್ ತಾರೀಖು ಎರಡನ್ನೂ ನೋಡಿ. ಹೆಸರಿನ ಅಕ್ಷರ ಅರ್ಧಂಬರ್ಧ ಮುಚ್ಚಿರುತ್ತೆ, ಆದ್ರೂ ನಿಮ್ಮದಾ ಅಲ್ವಾ ಅಂತ ಗೊತ್ತಾಗುತ್ತೆ. ನಿಮ್ಮದೇ ಇದ್ರೆ ತಗೊಂಡೋರನ್ನ ಹಿಡಿದು ಆನ್‌ಲೈನಲ್ಲಿ Transfer of Ownership ಅರ್ಜಿ ಹಾಕ್ಸಿ. ಅವ್ರು ಫೋನ್ ಎತ್ತಲಿಲ್ಲ ಅಂದ್ರೆ ಫಾರಂ 29ರಲ್ಲಿ ಮಾರಿದ ತಾರೀಖು, ತಗೊಂಡೋರ ಹೆಸರು, ವಿಳಾಸ ತುಂಬಿ ಆರ್‌ಟಿಓಗೆ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಅವಧಿ ಮೀರಿದ್ದಕ್ಕೆ ದಂಡ ಬಿದ್ರೆ ಕಟ್ಟಿ ಬನ್ನಿ.