ಅಮ್ಮನ ರಿಪೋರ್ಟಲ್ಲಿ ಬಂದ ಕೆಂಪು ಅಂಕಿಗಳು

ಅಮ್ಮಂಗೆ 61 ವರ್ಷ. ವರ್ಷಕ್ಕೊಂದ್ಸಲ ಮಾಡಿಸೋ ಮಾಮೂಲಿ ಟೆಸ್ಟೇ ಅದು, ಆದ್ರೆ ಈ ಸಲ ರಿಪೋರ್ಟ್ ಬಂದಾಗ ಒಂದೊಂದು ಪುಟದಲ್ಲೂ ಏನೋ ಒಂದು ಕೆಂಪಗಿತ್ತು. ಹಿಮೋಗ್ಲೋಬಿನ್ 10.2, ಸೋಡಿಯಂ 129, ಕೊಲೆಸ್ಟ್ರಾಲ್ ಜಾಸ್ತಿ, ಲಿವರ್ ಟೆಸ್ಟಲ್ಲಿ ಎಸ್‌ಜಿಒಟಿ ಜಾಸ್ತಿ. ಮೊದಲು ನೋಡಿದ ಡಾಕ್ಟ್ರು ಒಂದೊಂದಕ್ಕೂ ಒಂದೊಂದು ಔಷಧಿ ಕೊಟ್ರು, ರಕ್ತಕ್ಕೆ ಐರನ್, ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್, ಸೋಡಿಯಂಗೆ ಉಪ್ಪು ಸ್ವಲ್ಪ ಜಾಸ್ತಿ ತಗೊಳ್ಳಿ ಅಂತ.

ಮೂರು ವಾರಕ್ಕೆ ಅಮ್ಮಂಗೆ ತೊಡೆ ನೋವು ಶುರುವಾಯ್ತು, ಕುರ್ಚಿಯಿಂದ ಏಳೋಕೆ ಕೈ ಊರಬೇಕಾಯ್ತು, ಅದಕ್ಕೇ ಬೇರೆ ಡಾಕ್ಟ್ರ ಹತ್ರ ಹೋದ್ವಿ. ಅವರು ನಾಡಿ ಹಿಡಿದ್ರು, ನಿಮಿಷಕ್ಕೆ 52. ಆಮೇಲೆ ಹಿಮ್ಮಡಿ ಮೇಲಿನ ಸ್ನಾಯುರಜ್ಜಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದ್ರು, ಪಾದ ಜಗ್ಗಿದ್ದು ಬೇಗ, ವಾಪಸ್ ಬಂದಿದ್ದು ಮಾತ್ರ ನಿಧಾನ, ನನ್ನ ಕಣ್ಣಿಗೂ ಕಾಣಿಸ್ತು. "ಲಿವರ್ ಟೆಸ್ಟಲ್ಲೇ ಇರೋ ಎಸ್‌ಜಿಪಿಟಿ ನಾರ್ಮಲ್ ಇದೆ ನೋಡಿ, ಎಸ್‌ಜಿಒಟಿ ಒಂದೇ ಏರಿದೆ ಅಂದ್ರೆ ಅದು ಲಿವರಿಂದಲೇ ಬಂದಿರಬೇಕು ಅಂತೇನಿಲ್ಲ, ಸ್ನಾಯುವಿಂದಲೂ ಬರತ್ತೆ" ಅಂದು ಸ್ನಾಯುವಿನ ಎಂಜೈಮ್ ನೋಡೋ ಸಿಪಿಕೆ, ಥೈರಾಯ್ಡ್ ನೋಡೋ ಟಿಎಸ್‌ಎಚ್ ಟೆಸ್ಟ್ ಬರೆದುಕೊಟ್ರು. ಸಿಪಿಕೆ 1,340. ಟಿಎಸ್‌ಎಚ್ 94. ಎರಡೂ ತುಂಬಾ ಜಾಸ್ತಿ, ಟಿಎಸ್‌ಎಚ್ ಇಷ್ಟು ಏರಿದೆ ಅಂದ್ರೆ ಥೈರಾಯ್ಡ್ ಹಾರ್ಮೋನ್ ಕಮ್ಮಿ ಅಂತ.

ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದ್ರೆ ಸ್ನಾಯುವಿಗೆ ಶಕ್ತಿ ಸರಿಯಾಗಿ ಸಿಗಲ್ಲ, ಒಳಗಿರಬೇಕಾದ ಎಂಜೈಮ್ ರಕ್ತಕ್ಕೆ ಸೋರತ್ತೆ. ಅಂಥ ಸ್ನಾಯುವಿನ ಮೇಲೆ ಸ್ಟ್ಯಾಟಿನ್ ಬಿದ್ರೆ ಪೆಟ್ಟು ಇನ್ನೂ ಜಾಸ್ತಿ, ಹಾಗಾಗಿ ಅದನ್ನ ಅವತ್ತೇ ನಿಲ್ಲಿಸಿದ್ರು. ಕೊಲೆಸ್ಟ್ರಾಲ್ ಏರಿದ್ದಕ್ಕೂ ಥೈರಾಯ್ಡೇ ಕಾರಣ ಇರಬಹುದು, ಅದು ಸರಿಹೋದ ಮೇಲೆ ಮತ್ತೆ ನೋಡೋಣ ಅಂದ್ರು.

ಸೋಡಿಯಂ ವಿಷ್ಯ ಕೇಳಿ ನನಗೆ ನಿಜಕ್ಕೂ ಬೇಜಾರಾಯ್ತು. ಮೈಯಲ್ಲಿ ಉಪ್ಪು ಕಮ್ಮಿ ಆಗಿರಲಿಲ್ಲ, ಕಿಡ್ನಿ ಹೆಚ್ಚಿನ ನೀರನ್ನ ಹೊರಗೆ ಹಾಕೋಕಾಗದೆ ರಕ್ತ ತೆಳುವಾಗಿತ್ತು ಅಷ್ಟೇ, ನಾವು ಸುಮ್ನೆ ಉಪ್ಪು ತಿನ್ನಿಸ್ತಿದ್ವಿ. ಆದ್ರೆ ಥೈರಾಯ್ಡ್ ತುಂಬಾ ಕೆಟ್ಟಾಗಲೇ ಸೋಡಿಯಂ ಹೀಗೆ ಇಳಿಯೋದು, ಅದಕ್ಕೇ ಬೇರೆ ಕಾರಣವೂ ಇದ್ಯಾ ಅಂತ ಥೈರಾಯ್ಡ್ ಮಾತ್ರೆ ಶುರು ಮಾಡೋ ಮುಂಚೆ ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ಕೂಡ ನೋಡಿದ್ರು, ಅಡ್ರಿನಲ್ ಗ್ರಂಥಿ ಸೋತಿದ್ದಾಗ ಥೈರಾಯ್ಡ್ ಮಾತ್ರೆ ಕೊಟ್ರೆ ಅಪಾಯ ಅಂತ. ಅದು ಸರಿ ಇತ್ತು. ಎಕೋದಲ್ಲಿ ಹಾರ್ಟ್ ಸುತ್ತ ಸ್ವಲ್ಪ ನೀರಿತ್ತು, ಹಾರ್ಟಿಗೆ ಒಮ್ಮೆಲೇ ಭಾರ ಬೀಳಬಾರದು ಅಂತ ಮಾತ್ರೆ 25 ಮೈಕ್ರೋಗ್ರಾಮಿಂದ ಶುರು ಮಾಡಿದ್ರು.

ಐರನ್ ಮಾತ್ರೆನೂ ಬೇಡ ಅಂದ್ರು, ಮೈಯಲ್ಲಿ ಐರನ್ ಎಷ್ಟು ಶೇಖರ ಇದೆ ಅಂತ ತೋರಿಸೋ ಫೆರಿಟಿನ್ ಚೆನ್ನಾಗೇ ಇತ್ತು. ಮೂಳೆಮಜ್ಜೆ ನಿಧಾನ ಆಗಿ ರಕ್ತ ಕಮ್ಮಿ ತಯಾರಾಗ್ತಿತ್ತು ಅಷ್ಟೇ, ಮೇಲಾಗಿ ಐರನ್ ಜೊತೆಗೆ ತಗೊಂಡ್ರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತೋದೂ ಇಲ್ಲ.

ಎಂಟನೇ ವಾರಕ್ಕೆ ಸೋಡಿಯಂ 137, ಸಿಪಿಕೆ 210. ಹಿಮೋಗ್ಲೋಬಿನ್ ಮಾತ್ರ ಇನ್ನೂ 10.9, ಅದಕ್ಕೆ ತಿಂಗಳುಗಟ್ಟಲೆ ಬೇಕಂತೆ. ಅಮ್ಮ ಈಗ ಕೈ ಊರದೆ ಕುರ್ಚಿಯಿಂದ ಏಳ್ತಾಳೆ.