ಮಾರ್ಚ್ 31ರ ಸ್ಟಾಕ್ ನಂಬಿ ಆಪರೇಟಿಂಗ್ ಸೈಕಲ್ ಲೆಕ್ಕ ಹಾಕಬೇಡಿ

ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ನನ್ನ ಕೆಲಸ. ಬ್ಯಾಂಕ್ ಸಾಲದ ಫೈಲ್‌ಗಳು ಹೆಚ್ಚಾಗಿ ನನ್ನ ಟೇಬಲ್‌ಗೇ ಬರುತ್ತವೆ. ವೈರು, ಸ್ವಿಚ್ಚು, ಎಂಸಿಬಿ ಹೋಲ್‌ಸೇಲ್ ಮಾಡುವ ಒಬ್ಬರು ಸಿಸಿ ಲಿಮಿಟ್ ಹೆಚ್ಚು ಮಾಡಿಸಬೇಕು ಅಂತ ಬಂದಿದ್ದರು. ಅವರ ಮಾತು ಇಷ್ಟೇ: "ವ್ಯಾಪಾರ ಚಲೋ ಐತ್ರಿ ಸರ್. ರೊಕ್ಕ ಮಾತ್ರ ಕೈಯಾಗ ನಿಲ್ಲಂಗಿಲ್ಲ."

ಇಂಥ ಮಾತಿಗೆ ಉತ್ತರ ಹುಡುಕುವ ಲೆಕ್ಕವೇ ಆಪರೇಟಿಂಗ್ ಸೈಕಲ್. ಮಾಲು ಗೋಡೌನಿಗೆ ಬಂದ ದಿನದಿಂದ ಅದರ ದುಡ್ಡು ಗಿರಾಕಿಯಿಂದ ವಾಪಸ್ ಬರುವ ತನಕ ಸರಾಸರಿ ಎಷ್ಟು ದಿನ ಆಗುತ್ತದೆ ಅನ್ನೋದು. ಇದರಲ್ಲಿ ಎರಡು ಭಾಗ ಇವೆ. ಮಾಲು ಎಷ್ಟು ದಿನ ಗೋಡೌನಿನಲ್ಲಿ ಕೂರುತ್ತದೆ, ಮಾರಿದ ಮೇಲೆ ಉದ್ರಿ ಎಷ್ಟು ದಿನ ನಿಲ್ಲುತ್ತದೆ. ಎರಡನ್ನೂ ಕೂಡಿಸಿದರೆ ಸೈಕಲ್.

ಅವರ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಹಾಕುತ್ತೇನೆ. ವರ್ಷದ ಖರೀದಿ 190.5 ಲಕ್ಷ. ಮಾರಾಟ 219 ಲಕ್ಷ. ಎರಡೂ ಜಿಎಸ್‌ಟಿ ಬಿಟ್ಟು. ವರ್ಷದ ಮೊದಲ ದಿನ ಸ್ಟಾಕ್ 26 ಲಕ್ಷ, ಕೊನೆಯ ದಿನ 34 ಲಕ್ಷ. ಗಿರಾಕಿಗಳ ಬಾಕಿ ಮೊದಲಿಗೆ 24 ಲಕ್ಷ, ಕೊನೆಗೆ 27 ಲಕ್ಷ.

ಮೊದಲು ಸ್ಟಾಕ್. ಸರಾಸರಿ 30 ಲಕ್ಷ. ಇದನ್ನು ಯಾವುದರಿಂದ ಭಾಗಿಸಬೇಕು? ಎಷ್ಟೋ ಫೈಲ್‌ಗಳಲ್ಲಿ ಮಾರಾಟದಿಂದ ಭಾಗಿಸಿರುತ್ತಾರೆ. ದಿನಕ್ಕೆ 60,000 ಮಾರಾಟ, ಹಾಗಾಗಿ 50 ದಿನ ಅಂತ ಬರುತ್ತದೆ. ಆದರೆ ಸ್ಟಾಕ್ ಬರೆದಿರುವುದು ಖರೀದಿ ಬೆಲೆಯಲ್ಲಿ, ಮಾರಾಟದಲ್ಲಿ ಲಾಭವೂ ಸೇರಿದೆ. ಖರೀದಿಯಿಂದ ನೇರವಾಗಿ ಭಾಗಿಸಿದರೂ ಸರಿ ಬರಲ್ಲ, ಯಾಕಂದರೆ ಖರೀದಿ ಮಾಡಿದ್ದರಲ್ಲಿ 8 ಲಕ್ಷದ ಮಾಲು ಮಾರಾಟವಾಗದೆ ಸ್ಟಾಕಿಗೇ ಸೇರಿಕೊಂಡಿದೆ. ಮೊದಲ ದಿನದ ಸ್ಟಾಕಿಗೆ ಖರೀದಿ ಕೂಡಿಸಿ, ಕೊನೆಯ ಸ್ಟಾಕ್ ಕಳೆಯಬೇಕು. 26 ಕೂಡಿಸು 190.5, ಕಳೆ 34. ಮಾರಿದ ಮಾಲಿನ ಅಸಲು 182.5 ಲಕ್ಷ. ದಿನಕ್ಕೆ 50,000. ಸ್ಟಾಕ್ 60 ದಿನ.

ಇನ್ನು ಉದ್ರಿ. ಇದರಲ್ಲಿ ಎರಡು ಕಡೆ ಹುಷಾರಾಗಿರಬೇಕು. 219 ಲಕ್ಷದಲ್ಲಿ 43.8 ಲಕ್ಷ ಕೌಂಟರಿನಲ್ಲಿ ನಗದು ಮಾರಾಟ. ಅದರಲ್ಲಿ ಬಾಕಿ ಅನ್ನೋದೇ ಇಲ್ಲ, ಹಾಗಾಗಿ ಅದನ್ನು ತೆಗೆದುಬಿಡಬೇಕು. ಉಳಿದ ಉದ್ರಿ ಮಾರಾಟ 175.2 ಲಕ್ಷ, ದಿನಕ್ಕೆ 48,000. ಎರಡನೆಯದು ಜಿಎಸ್‌ಟಿ. ಲಾಭ ನಷ್ಟದ ಪಟ್ಟಿಯಲ್ಲಿ ಮಾರಾಟ ತೆರಿಗೆ ಬಿಟ್ಟು ಇರುತ್ತದೆ. ಪಾರ್ಟಿಯ ಲೆಡ್ಜರಿನಲ್ಲಿ ಬಾಕಿ ತೆರಿಗೆ ಸೇರಿ ಇರುತ್ತದೆ. ವೈರು, ಸ್ವಿಚ್ಚಿಗೆ 18% ಅಂದರೆ ದಿನದ ಉದ್ರಿ ಬಿಲ್ 56,640. ಸರಾಸರಿ ಬಾಕಿ 25.5 ಲಕ್ಷವನ್ನು ಇದರಿಂದ ಭಾಗಿಸಿದರೆ 45 ದಿನ. ಬೇರೆ ಬೇರೆ ತೆರಿಗೆ ದರದ ಮಾಲು ಇದ್ದರೆ ಈ ಗುಣಾಕಾರ ಬೇಡ, ಟ್ಯಾಲಿಯಲ್ಲಿ ಪಾರ್ಟಿಗಳಿಗೆ ಹಾಕಿದ ಬಿಲ್‌ಗಳ ಒಟ್ಟು ಮೊತ್ತವನ್ನೇ ತೆಗೆದುಕೊಳ್ಳಿ.

ಇಲ್ಲೊಂದು ಮೋಸ ಇದೆ. ಜಿಎಸ್‌ಟಿ ಮರೆತು, ನಗದನ್ನೂ ಕಳೆಯದೆ, ಸುಮ್ನೆ 60,000ದಿಂದ ಭಾಗಿಸಿದರೆ 42.5 ದಿನ ಬರುತ್ತದೆ. ಸರಿ ಉತ್ತರಕ್ಕೆ ಹತ್ತಿರವೇ! ಒಂದು ತಪ್ಪು ದಿನವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳಲ್ಲ. ಒಂದನ್ನು ಮಾತ್ರ ಸರಿಮಾಡಿದರೆ ಉತ್ತರ ಇನ್ನೂ ದೂರ ಹೋಗುತ್ತದೆ. ನಗದು ಕಳೆದು ಜಿಎಸ್‌ಟಿ ಬಿಟ್ಟರೆ 53 ದಿನ.

60 ಮತ್ತು 45 ಕೂಡಿಸಿದರೆ ಸೈಕಲ್ 105 ದಿನ. ಸೂತ್ರದ ಪ್ರಕಾರ ಲೆಕ್ಕ ಮುಗಿಯಿತು. ಆದರೆ ವ್ಯಾಪಾರಿಯ ಪ್ರಶ್ನೆಗೆ ಇದು ಉತ್ತರ ಅಲ್ಲ ಅಂತ ನನಗೆ ಅನ್ನಿಸಿತು.

ಯಾಕೆ ಅಂದರೆ, ನಾವು ಸರಾಸರಿ ಅಂತ ಹೇಳುತ್ತಿರುವುದು ಎರಡು ಮಾರ್ಚ್ 31ಗಳ ಸರಾಸರಿ. ಮಾರ್ಚ್ ಅಂದರೆ ಅವರ ಅಂಗಡಿಯಲ್ಲಿ ಏನು ನಡೆಯುತ್ತದೆ? ಲೆಕ್ಕ ಮುಗಿಸಬೇಕು ಅಂತ ಪಾರ್ಟಿಗಳ ಹಿಂದೆ ಬಿದ್ದು ವಸೂಲಿ ಮಾಡುತ್ತಾರೆ. ಸ್ಟಾಕ್ ಎಣಿಸೋದು ಸುಲಭ ಆಗಲಿ ಅಂತ ಹೊಸ ಆರ್ಡರ್ ತಡೆದು ಹಿಡಿಯುತ್ತಾರೆ. ಅಂದರೆ ವರ್ಷದಲ್ಲೇ ಸ್ಟಾಕೂ ಬಾಕಿಯೂ ಕಡಿಮೆ ಇರುವ ದಿನ ಅದು. ದೀಪಾವಳಿಗೆ ಮುಂಚೆ ಹೋಗಿ ನೋಡಿದರೆ ಅದೇ ಗೋಡೌನಿನಲ್ಲಿ ವೈರ್ ಕಾಯಿಲ್‌ಗಳು ಬಾಗಿಲ ತನಕ ಬಂದಿರುತ್ತವೆ.

ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ಗಳನ್ನು ತರಿಸಿದೆ. ಹನ್ನೆರಡೂ ತಿಂಗಳ ಕೊನೆಯ ಅಂಕಿ, ಜೊತೆಗೆ ವರ್ಷದ ಮೊದಲ ದಿನದ್ದು. ಬಳಸುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಮಾರ್ಚ್ ತಿಂಗಳ ಸ್ಟೇಟ್‌ಮೆಂಟೂ ಬ್ಯಾಲೆನ್ಸ್ ಶೀಟೂ ತಾಳೆ ಆಗುತ್ತವಾ? ಲಿಮಿಟ್ ಉಳಿಸಿಕೊಳ್ಳಲು ಸ್ಟಾಕ್ ಏರಿಸಿ ಬರೆಯುವವರು ಇದ್ದಾರೆ. ಮಾರಾಟದ ಬೆಲೆಯಲ್ಲಿ ಬರೆಯುವವರೂ ಇದ್ದಾರೆ. ತಾಳೆ ಆಗದಿದ್ದರೆ ಆ ಸರಾಸರಿಗೆ ಬೆಲೆ ಇಲ್ಲ. ಇವರದ್ದು ತಾಳೆ ಆಯಿತು.

ಹದಿಮೂರು ಅಂಕಿಗಳ ಸರಾಸರಿ: ಸ್ಟಾಕ್ 38 ಲಕ್ಷ, ಬಾಕಿ 31 ಲಕ್ಷ. ಅಂದರೆ ಸ್ಟಾಕ್ 76 ದಿನ, ಉದ್ರಿ ಸುಮಾರು 55 ದಿನ. ಸೈಕಲ್ 131 ದಿನ. ಅದೇ ಅಂಗಡಿ, ಅದೇ ವರ್ಷ, 26 ದಿನ ಜಾಸ್ತಿ.

ದುಡ್ಡಿನ ಲೆಕ್ಕದಲ್ಲಿ ಹೇಳಿದರೆ ಸ್ಟಾಕಿನಲ್ಲಿ 8 ಲಕ್ಷ, ಉದ್ರಿಯಲ್ಲಿ 5.5 ಲಕ್ಷ, ಒಟ್ಟು 13.5 ಲಕ್ಷ. ಬ್ಯಾಲೆನ್ಸ್ ಶೀಟಿನಲ್ಲಿ ಕಾಣದೆ ವರ್ಷವಿಡೀ ಸಿಕ್ಕಿಹಾಕಿಕೊಂಡಿದ್ದ ದುಡ್ಡು ಇದು. ಸಪ್ಲೈಯರ್‌ಗಳು ಕೊಡುತ್ತಿದ್ದ ಉದ್ರಿ ಸರಾಸರಿ 18.5 ಲಕ್ಷ. ಖರೀದಿಗೂ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿದರೆ 30 ದಿನ. ಇದನ್ನು ಕಳೆದರೆ ಮಾರ್ಚ್ ಅಂಕಿಗಳ ಪ್ರಕಾರ ಅಂಗಡಿಗೆ ಬೇಕಾದ ಬಂಡವಾಳ 37 ಲಕ್ಷ, ತಿಂಗಳ ಅಂಕಿಗಳ ಪ್ರಕಾರ 50.5 ಲಕ್ಷ. ಬ್ಯಾಂಕಿನ ಮ್ಯಾನೇಜರ್ ಬ್ಯಾಲೆನ್ಸ್ ಶೀಟ್ ಮಾತ್ರ ನೋಡಿದರೆ "ಇಷ್ಟು ಲಿಮಿಟ್ ಯಾಕೆ ಬೇಕು?" ಅಂತ ಕೇಳುವುದು ಸಹಜ ಅಲ್ವಾ? ಹಾಗಾಗಿ ತಿಂಗಳವಾರು ಪಟ್ಟಿಯನ್ನೇ ಫೈಲಿನ ಮುಂದೆ ಇಟ್ಟೆವು.

ಇನ್ನೊಂದು ಮಾತು. 131 ದಿನವನ್ನು ದಿನದ ಮಾರಾಟಕ್ಕೆ ಗುಣಿಸಿ "ಇಷ್ಟು ಬಂಡವಾಳ ಬೇಕು" ಅಂತ ಬರೆಯಬೇಡಿ. ಸ್ಟಾಕಿನ ಒಂದು ದಿನ ಅಂದರೆ 50,000. ಉದ್ರಿಯ ಒಂದು ದಿನ ಅಂದರೆ 56,640, ಅದರಲ್ಲಿ ಲಾಭವೂ ತೆರಿಗೆಯೂ ಇದೆ. ದಿನಗಳನ್ನು ಕೂಡಿಸಬಹುದು. ದುಡ್ಡಿಗೆ ತಿರುಗಿಸುವಾಗ ಮಾತ್ರ ಬೇರೆ ಬೇರೆಯಾಗಿಯೇ ಗುಣಿಸಬೇಕು.

ಈ ಲೆಕ್ಕ ನೋಡಿದ ಮೇಲೆ ಅಂಗಡಿಯವರು ಲಿಮಿಟ್‌ಗಿಂತ ಮುಂಚೆ ಕೇಳಿದ್ದು ಬೇರೆಯೇ. "76 ದಿನ ಅಂದ್ರ ಎಲ್ಲಾ ಮಾಲೂ ಅಷ್ಟ ದಿನ ಕೂರ್ತತೇನ್ರಿ?" ಇಲ್ಲ, ಅದು ಸರಾಸರಿ. ವೈರು ಬೇಗ ಹೋಗುತ್ತದೆ. ಐಟಂವಾರು ಪಟ್ಟಿ ತೆಗೆದಾಗ ಕಂಪನಿ ನಿಲ್ಲಿಸಿದ ಹಳೇ ಮಾಡೆಲ್ ಸ್ವಿಚ್ಚು, ಪ್ಲೇಟುಗಳೇ ಸುಮಾರು 4 ಲಕ್ಷದಷ್ಟು ಸಿಕ್ಕವು. ವರ್ಷದಲ್ಲಿ ಒಂದು ಬಿಲ್ಲೂ ಆಗಿರಲಿಲ್ಲ. ಸೈಕಲ್ಲಿನ 8 ದಿನ ಆ ರ್‍ಯಾಕಿನಲ್ಲೇ ಕೂತಿತ್ತು. ಅದನ್ನು ಅಸಲಿಗಿಂತ ಕಡಿಮೆಗಾದರೂ ಎಲೆಕ್ಟ್ರಿಷಿಯನ್‌ಗಳಿಗೆ ನಗದಿಗೆ ಕೊಟ್ಟುಬಿಡೋಣ ಅಂತ ಅವರೇ ಹೇಳಿದರು.